ಒಂದು ಮೋಲ್ ಇಂಧನಕ್ಕೆ

ಅವರನ್ನು ಊರಿನ ಕಾಲೇಜುಗಳಲ್ಲೆಲ್ಲ ಮೂರು ಸಾಲಿನ ಮೇಡಂ ಎಂದೇ ಕರೆಯುತ್ತಿದ್ದರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಆದರೆ ಅವರಿಗೆ ಗೊತ್ತಿತ್ತು. ಗೊತ್ತಿಲ್ಲದವರಂತೆ ಇರುವುದು ಅವರಿಗೆ ಇಷ್ಟವಾಗಿತ್ತು. ಮೂವತ್ತೊಂದು ವರ್ಷ ಭೌತಶಾಸ್ತ್ರ ಪಾಠ ಹೇಳಿದವರಿಗೆ ಇದಕ್ಕಿಂತ ಕೆಟ್ಟ ಅಡ್ಡಹೆಸರು ಬೀಳುವ ಅವಕಾಶ ಧಾರಾಳವಾಗಿ ಇರುತ್ತದೆ. ಅವರ ವಿಭಾಗದಲ್ಲೇ ಒಬ್ಬರು ಸೀಮೆಸುಣ್ಣ ಎಂದೂ ಇನ್ನೊಬ್ಬರು ಗೊರಕೆ ಎಂದೂ ಕರೆಸಿಕೊಂಡು ನಿವೃತ್ತರಾಗಿದ್ದರು.

ಮೂರು ಸಾಲು ಯಾವುದೆಂದರೆ, ಪರಮಾಣು ಬೀಜಗಳ ಪಾಠದಲ್ಲಿ ಮಕ್ಕಳು ತಲೆ ಕೆಡಿಸಿಕೊಳ್ಳುವ ಒಂದು ಲೆಕ್ಕವಿದೆ. ಒಂದು ಬೈಜಿಕ ಕ್ರಿಯೆ ನಡೆಯುತ್ತದೆ, ಕ್ರಿಯೆಗೆ ಮೊದಲು ಇದ್ದ ತೂಕಕ್ಕಿಂತ ಆಮೇಲೆ ಉಳಿದ ತೂಕ ಒಂದು ಚೂರು ಕಡಿಮೆ ಇರುತ್ತದೆ, ಕಳೆದುಹೋದ ಆ ಚೂರೇ ಶಕ್ತಿಯಾಗಿ ಹೊರಬರುತ್ತದೆ. ಒಂದು ಮೋಲ್ ಇಂಧನದಿಂದ, ಅಂದರೆ ಪರಮಾಣುಗಳ ಒಂದು ನಿಗದಿತ ದೊಡ್ಡ ರಾಶಿಯಿಂದ, ಎಷ್ಟು ಶಕ್ತಿ ಬಂತು, ಹೇಳಿ ಎಂಬುದು ಪ್ರಶ್ನೆ. ಪಠ್ಯಪುಸ್ತಕದ ದಾರಿ ಹಿಡಿದರೆ ಮೊದಲು ಒಂದು ಕ್ರಿಯೆಯ ಶಕ್ತಿ, ಅದಕ್ಕೊಂದು ಏಕಮಾನ, ಆಮೇಲೆ ಇಪ್ಪತ್ತಮೂರು ಸೊನ್ನೆಗಳ ಒಂದು ಸಂಖ್ಯೆಯಿಂದ ಗುಣಾಕಾರ. ಅರ್ಧ ತರಗತಿ ಸೊನ್ನೆಗಳಲ್ಲೇ ಮುಳುಗಿ ಹೋಗುತ್ತಿತ್ತು. ಮೇಡಂ ತಮ್ಮ ಮೂವತ್ತನೇ ವಯಸ್ಸಿನಲ್ಲಿ ಇದಕ್ಕೊಂದು ಒಳದಾರಿ ಕಂಡುಹಿಡಿದರು. ಪರಮಾಣು ತೂಕಗಳ ವ್ಯತ್ಯಾಸ ತೆಗೆ. ಆ ಸಂಖ್ಯೆಯನ್ನೇ ಗ್ರಾಂ ಎಂದು ಓದು. ಬೆಳಕಿನ ವೇಗದ ವರ್ಗದಿಂದ ಗುಣಿಸು. ಆಯಿತು, ಒಂದು ಮೋಲಿನ ಶಕ್ತಿ ಕೈಯಲ್ಲಿ.

ಇದನ್ನು ಅವರು ಒಂದು ಗೈಡಿನಲ್ಲಿ ಬರೆದರು, ಗೈಡ್ ಹತ್ತೊಂಬತ್ತು ಸಲ ಅಚ್ಚಾಯಿತು. ಅವರ ಬದುಕಿನಲ್ಲಿ ದೊಡ್ಡದಾಗಿ ನಡೆದದ್ದು ಅದೊಂದೇ. ಮಕ್ಕಳಿರಲಿಲ್ಲ. ಸಂಶೋಧನೆ ಮಾಡಬೇಕೆಂದಿದ್ದರು, ಅತ್ತೆಯ ಕಾಯಿಲೆಯಲ್ಲಿ ಅದು ಹಾಗೇ ನಿಂತುಹೋಯಿತು. ಗಂಡ ವಿದ್ಯುತ್ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾಗಿ ಮನೆಯಲ್ಲಿ ಪತ್ರಿಕೆಯ ಪದಬಂಧ ತುಂಬುತ್ತಿದ್ದರು. ಆದರೆ ಎಲ್ಲೋ ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಆಸ್ಪತ್ರೆಯ ಕಾರಿಡಾರಿನಲ್ಲಿ ಯಾರೋ ನಿಂತು, “ಮೇಡಂ, ನಿಮ್ಮ ಮೂರು ಸಾಲಿಂದ ನಾನು ಪಾಸಾದೆ” ಎಂದು ಹೇಳುತ್ತಿದ್ದರು. ಆ ದಿನ ಮೇಡಂ ಮನೆಗೆ ಬಂದು ಸ್ವಲ್ಪ ಜಾಸ್ತಿ ಮಾತಾಡುತ್ತಿದ್ದರು.

ಈಗ ಅವರಿಗೆ ನಿವೃತ್ತಿಗೆ ಎರಡು ತಿಂಗಳಿತ್ತು. ಇದು ಅವರ ಕೊನೆಯ ಮೌಲ್ಯಮಾಪನ. ಮಂಡಿ ನೋವು, ಕುತ್ತಿಗೆ ನೋವು, ಕಣ್ಣಿಗೆ ಹೊಸ ಕನ್ನಡಕ ಬೇಕಿತ್ತು. ಹೋದರೂ ಸೈ, ಬಿಟ್ಟರೂ ಸೈ ಎಂಬಂಥ ಸುಸ್ತು. ಆದರೂ ಹೋದರು, ಯಾಕೆಂದರೆ ಪ್ರತಿ ವರ್ಷ ಹೋಗಿದ್ದರು.

ಮೌಲ್ಯಮಾಪನ ಕೇಂದ್ರವೆಂದರೆ ಒಂದು ಹಳೆಯ ಹೈಸ್ಕೂಲಿನ ಸಭಾಂಗಣ. ಬಾಗಿಲಲ್ಲಿ ಫೋನ್ ಕೊಟ್ಟು ಒಳಗೆ ಹೋಗಬೇಕು. ಅರವತ್ತು ಜನ ಅಧ್ಯಾಪಕರು, ಮಕ್ಕಳಿಗೆಂದು ಮಾಡಿಸಿದ ಬೆಂಚುಗಳಲ್ಲಿ ಮಂಡಿ ತುರುಕಿಕೊಂಡು, ಕೆಂಪು ಪೆನ್ನು ಹಿಡಿದು ಕುಳಿತಿರುತ್ತಾರೆ. ದಿನಕ್ಕೆ ಒಬ್ಬೊಬ್ಬರಿಗೆ ನಲವತ್ತು ಉತ್ತರ ಪತ್ರಿಕೆಗಳ ಒಂದು ಬಂಡಲ್. ಹೆಸರಿಲ್ಲ, ಊರಿಲ್ಲ, ಮೇಲೊಂದು ಸಂಕೇತ ಸಂಖ್ಯೆ ಮಾತ್ರ. ವೇದಿಕೆಯ ಮೇಲೆ ಮುಖ್ಯ ಪರೀಕ್ಷಕರ ಮೇಜು, ಅದರ ಮೇಲೆ ಕೀ. ಕೀ ಎಂದರೆ ಯಾವ ಪ್ರಶ್ನೆಗೆ ಏನು ಉತ್ತರ, ಯಾವ ಹಂತಕ್ಕೆ ಎಷ್ಟು ಅಂಕ ಎಂಬ ಪಟ್ಟಿ. ಮೊದಲ ದಿನ ಅದನ್ನು ಗಟ್ಟಿಯಾಗಿ ಓದುತ್ತಾರೆ, ಎಲ್ಲರೂ ತಲೆಯಾಡಿಸುತ್ತಾರೆ. ತಲೆಯಾಡಿಸುವವರಲ್ಲಿ ಮುಕ್ಕಾಲು ಪಾಲು ಮೇಡಂ ಗೈಡ್ ಓದಿಯೇ ಅಧ್ಯಾಪಕರಾದವರು, ಹಾಗಾಗಿ ತಲೆಗಳು ಒಂದೇ ದಿಕ್ಕಿಗೆ ಆಡುತ್ತವೆ. ಈ ಸಲದ ಮುಖ್ಯ ಪರೀಕ್ಷಕ ಮೇಡಂ ಅವರ ಹಳೆಯ ವಿದ್ಯಾರ್ಥಿ. ನಲವತ್ತು ದಾಟಿದವನು, ಶಾಂತ ಮನುಷ್ಯ, ಯಾರ ಮೇಲೂ ದನಿ ಎತ್ತದವನು. ನಾಲ್ಕು ಜನರ ಎದುರು ಮೇಡಂ ಅವನನ್ನು ‘ನೀವು’ ಎನ್ನುತ್ತಿದ್ದರು, ಇಬ್ಬರೇ ಇದ್ದಾಗ ‘ನೀನು’.

ಮೂರನೆಯ ದಿನ ಮಧ್ಯಾಹ್ನ ಮೂವತ್ತೊಂಬತ್ತನೆಯ ಪತ್ರಿಕೆ ಬಂತು. ಅಕ್ಷರ ಕೋಳಿ ಕೆದರಿದಂತಿತ್ತು. ಮೊದಲರ್ಧ ಮಹಾ ಗೊಂದಲ, ಬೆಳಕಿನ ಪಾಠಕ್ಕೂ ವಿದ್ಯುತ್ತಿನ ಪಾಠಕ್ಕೂ ಅಂತರವೇ ಇರಲಿಲ್ಲ. ಇಂಥ ಪತ್ರಿಕೆಗಳನ್ನು ಮೇಡಂ ಕೈ ಮುಗಿದು ಬೇಗ ಸಾಗಹಾಕುತ್ತಿದ್ದರು. ಐದು ಅಂಕದ ಪ್ರಶ್ನೆ ಬಂತು. ಎರಡು ಡ್ಯೂಟೀರಿಯಮ್‌ಗಳು ಬೆಸೆದು ಹೀಲಿಯಮ್ ಮೂರು ಮತ್ತು ಒಂದು ನ್ಯೂಟ್ರಾನ್ ಆಗುತ್ತವೆ, ತೂಕಗಳನ್ನು ಕೊಟ್ಟಿದೆ, ಒಂದು ಮೋಲ್ ಡ್ಯೂಟೀರಿಯಮ್ ಇಂಧನದಿಂದ ಬಿಡುಗಡೆಯಾಗುವ ಶಕ್ತಿ ಎಷ್ಟು? ಕೀಯಲ್ಲಿ ಉತ್ತರ ಮೂರು ಪಾಯಿಂಟ್ ಒಂದು ಆರು, ಇಂಟು ಹತ್ತರ ಘಾತ ಹನ್ನೊಂದು ಜೂಲ್. ಹುಡುಗನೋ ಹುಡುಗಿಯೋ, ಈ ಮಗು ತೂಕದ ವ್ಯತ್ಯಾಸ ಸರಿಯಾಗಿ ತೆಗೆದಿತ್ತು, ಶಕ್ತಿಯನ್ನೂ ಸರಿಯಾಗಿ ಕಂಡುಹಿಡಿದಿತ್ತು. ಕೊನೆಗೆ ಮಾತ್ರ ಅದನ್ನು ಎರಡರಿಂದ ಭಾಗಿಸಿ ಒಂದು ಪಾಯಿಂಟ್ ಐದು ಎಂಟು ಎಂದು ಬರೆದಿತ್ತು. ಪಕ್ಕದಲ್ಲಿ ಒಂದು ಸಾಲು: ‘ಒಂದು ಕ್ರಿಯೆಗೆ ಎರಡು ಬೇಕು.’

ಮೇಡಂ ಕೊನೆಯ ಹಂತದ ಎರಡು ಅಂಕ ಕಳೆದು ಮೂರು ಹಾಕಿದರು. ಒಟ್ಟು ಕೂಡಿದರು. ಮೂವತ್ತನಾಲ್ಕು. ಪಾಸಿಗೆ ಮೂವತ್ತೈದು ಬೇಕು. ಇನ್ನೊಂದು ಸಲ ಕೂಡಿದರು, ಮತ್ತೆ ಮೂವತ್ತನಾಲ್ಕು. ಎಲ್ಲಾದರೂ ಒಂದು ಅಂಕ ಸಿಗುತ್ತದೆಯೇ ಎಂದು ಪುಟ ತಿರುವಿದರು, ಸಿಗಲಿಲ್ಲ. ಅಷ್ಟರಲ್ಲಿ ಟೀ ಬಂತು.

ಟೀ ಜೊತೆ ಅವರಿಗೆ ಮಂಡಿಯ ಮಾತ್ರೆ. ಒಂದು ಹೊತ್ತಿಗೆ ಎರಡು. ಸ್ಟ್ರಿಪ್ಪಿನಲ್ಲಿ ನಾಲ್ಕು ಉಳಿದಿದ್ದವು. ಪಕ್ಕದ ಬೆಂಚಿನ ಮೇಷ್ಟ್ರು, ಬಾಯಿ ಸುಮ್ಮನಿರದ ಮನುಷ್ಯ, ಇಣುಕಿ ನೋಡಿ, “ನಾಲ್ಕಿದೆಯಲ್ಲ ಮೇಡಂ, ನಾಲ್ಕು ದಿನಕ್ಕೆ ಚಿಂತೆಯಿಲ್ಲ” ಎಂದರು.

“ನಾಲ್ಕು ದಿನಕ್ಕೆಲ್ಲಿ ಬರುತ್ತೆ? ಒಂದ್ಸಲಕ್ಕೆ ಎರಡು ನುಂಗ್ಬೇಕು. ಎರಡೇ ಹೊತ್ತಿಗೆ” ಎಂದ ಮೇಡಂ, ಮಾತ್ರೆಗಳನ್ನು ನಾಲಿಗೆಯ ಮೇಲಿಟ್ಟುಕೊಂಡು ನೀರು ಕುಡಿಯುವುದನ್ನು ಮರೆತರು. ಮಾತ್ರೆ ಕರಗಿ ಬಾಯೆಲ್ಲ ಕಹಿಯಾಯಿತು.

ಅವರು ಬಂಡಲಿನ ಹೊದಿಕೆಯ ಹಿಂಬದಿಯಲ್ಲಿ ಪೆನ್ಸಿಲ್ ಹಿಡಿದು ಮೊದಲಿನಿಂದ ಬರೆದರು. ಒಂದು ಡ್ಯೂಟೀರಿಯಮ್ 2.014102. ಎರಡಕ್ಕೆ 4.028204. ಈ ಕಡೆ ಹೀಲಿಯಮ್ 3.016029, ನ್ಯೂಟ್ರಾನ್ 1.008665, ಸೇರಿಸಿದರೆ 4.024694. ವ್ಯತ್ಯಾಸ 0.003510. ಗ್ರಾಂ ಎಂದು ಓದಿದರೆ ಮೂರೂವರೆ ಮಿಲಿಗ್ರಾಂ, ಒಂದೆರಡು ಸಾಸಿವೆ ಕಾಳಿನಷ್ಟು. ಅಷ್ಟು ತೂಕ ಕಳೆದುಹೋಯಿತು. ಎಷ್ಟು ಇಂಧನ ಉರಿದಾಗ? ಕ್ರಿಯೆ ಒಂದು ಮೋಲ್ ನಡೆದಾಗ. ಆದರೆ ಪ್ರತಿ ಕ್ರಿಯೆಯೂ ಎರಡು ಡ್ಯೂಟೀರಿಯಮ್‌ಗಳನ್ನು ನುಂಗುತ್ತದೆ. ಅಂದರೆ ಮೂರೂವರೆ ಮಿಲಿಗ್ರಾಂ ಕಳೆದದ್ದು ಎರಡು ಮೋಲ್ ಇಂಧನದಿಂದ, ಎರಡಕ್ಕೆ ಬಂದ ಶಕ್ತಿ ಮೂರು ಪಾಯಿಂಟ್ ಒಂದು ಆರು. ಒಂದು ಮೋಲಿಗೆ ಅದರಲ್ಲಿ ಅರ್ಧ. ಕೋಳಿ ಕೆದರಿದ ಅಕ್ಷರದ ಮಗು ಬರೆದದ್ದೇ ಸರಿ.

ಹಾಗಾದರೆ ಕೀ ತಪ್ಪು. ಕೀ ಬಂದದ್ದು ಎಲ್ಲಿಂದ ಎಂದು ಅವರು ಯಾರನ್ನೂ ಕೇಳಬೇಕಾಗಿರಲಿಲ್ಲ. ಆ ಪ್ರಶ್ನೆ, ಅದೇ ತೂಕಗಳು, ಅದೇ ಉತ್ತರ, ಗೈಡಿನ ಒಂಬತ್ತನೇ ಅಧ್ಯಾಯದ ಎರಡನೇ ಉದಾಹರಣೆ. ಮೊದಲನೆಯದು ಯುರೇನಿಯಮ್. ಅಲ್ಲಿ ಒಂದು ಕ್ರಿಯೆಗೆ ಒಂದೇ ಯುರೇನಿಯಮ್ ಒಡೆಯುತ್ತದೆ, ಹಾಗಾಗಿ ಒಂದು ಮೋಲ್ ಕ್ರಿಯೆ ಎಂದರೂ ಒಂದು ಮೋಲ್ ಇಂಧನ ಎಂದರೂ ಒಂದೇ, ಮೂರು ಸಾಲು ಕರಾರುವಾಕ್ಕಾಗಿ ಕೂಡುತ್ತದೆ. ಅದೇ ಉತ್ಸಾಹದಲ್ಲಿ ಮುಂದಿನ ಉದಾಹರಣೆಗೂ ಅದೇ ಮೂರು ಸಾಲು ಹಾಕಿಬಿಟ್ಟಿದ್ದರು. ಎಷ್ಟು ಇಂಧನ ಉರಿಯಿತು ಎಂದು ಕೇಳುವ ನಾಲ್ಕನೆಯ ಸಾಲು ಬೇಕಿತ್ತು. ಅದನ್ನು ಅವರು ಇಪ್ಪತ್ತೆಂಟು ವರ್ಷ ಬರೆಯಲಿಲ್ಲ.

ಆ ಮಧ್ಯಾಹ್ನ ಮೇಡಂ ಯಾರಿಗೂ ಹೇಳಲಿಲ್ಲ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಅವರು ಹೆದರಿದರು. ಬಂಡಲ್ ಇನ್ನೂ ಮುಗಿದಿಲ್ಲ, ನಾಳೆ ಒಪ್ಪಿಸುತ್ತೇನೆ ಎಂದು ಬೀರುವಿನಲ್ಲಿಡಿಸಿ ಬಸ್ಸು ಹತ್ತಿದರು.

ಮನೆಗೆ ಬಂದವರೇ ಚಪ್ಪಲಿ ಬಿಟ್ಟು ನೇರ ಪುಸ್ತಕದ ಕಪಾಟಿಗೆ ಹೋದರು. ಹತ್ತೊಂಬತ್ತು ಮುದ್ರಣಗಳೂ ಸಾಲಾಗಿದ್ದವು. ಮೊದಲನೆಯದನ್ನು ತೆಗೆದರು, ಇತ್ತು. ಏಳನೆಯದನ್ನು ತೆಗೆದರು, ಇತ್ತು. ಕೊನೆಯದರಲ್ಲಿ ಅದಕ್ಕೆ ಚೌಕಟ್ಟು ಬೇರೆ ಹಾಕಿ, ಗಮನಿಸಿ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿದ್ದರು. ಗಂಡ ಪದಬಂಧದಿಂದ ತಲೆಯೆತ್ತಿ ನೋಡಿದರು.

“ಏನಾಯ್ತೇ? ಮುಖ ಹಿಂಗೆ ಮಾಡ್ಕೊಂಡು ಬಂದಿದೀಯ.”

“ಗೈಡಲ್ಲಿ ತಪ್ಪಿದೆ.”

“ಹತ್ತೊಂಬತ್ತು ಸಲ ಅಚ್ಚಾದ್ಮೇಲೆ ಸಿಕ್ತಾ?”

“ಇವತ್ತು ಸಿಕ್ತು.” ಅವರು ಕುರ್ಚಿಯಲ್ಲಿ ಕುಳಿತು ವಿವರಿಸಿದರು. ಗಂಡನಿಗೆ ವಿಜ್ಞಾನ ಅಷ್ಟಕ್ಕಷ್ಟೇ, ಆದರೂ ಎರಡು ಮಾತ್ರೆಯ ವಿಷಯ ಕೇಳಿ ಅವರಿಗೆ ಥಟ್ಟನೆ ತಿಳಿಯಿತು. ಅದು ಮೇಡಂಗೆ ಇನ್ನಷ್ಟು ಬೇಸರ ತಂದಿತು. ವಿದ್ಯುತ್ ಕಚೇರಿಯ ಗುಮಾಸ್ತನಿಗೆ ಎರಡು ನಿಮಿಷದಲ್ಲಿ ಹೊಳೆಯುವುದು ತಮಗೆ ಇಪ್ಪತ್ತೆಂಟು ವರ್ಷ ಹೊಳೆಯಲಿಲ್ಲವಲ್ಲ ಎಂದು ಅವರಿಗೆ ನಾಚಿಕೆಯಾಯಿತು.

“ಇನ್ನೆರಡು ತಿಂಗಳು” ಎಂದರು ಗಂಡ ನಿಧಾನವಾಗಿ. “ನಿನಗೂ ಸುಸ್ತಾಗಿದೆ. ಯಾರೂ ಕೇಳಿಲ್ಲ, ಯಾರೂ ಕಂಡುಹಿಡಿದಿಲ್ಲ. ಸುಮ್ಮನಿದ್ದರೆ ಯಾರ ಗಂಟೂ ಹೋಗಲ್ಲ.”

“ಒಂದು ಮಗು ಕಂಡುಹಿಡಿದಿದೆ. ಅದಕ್ಕೆ ನಾನು ಮೂವತ್ತನಾಲ್ಕು ಹಾಕಿ ಬಂದಿದೀನಿ.”

ಗಂಡ ಪೆನ್ನಿನ ಮುಚ್ಚಳ ಹಾಕಿದರು. “ಹಾಗಿದ್ರೆ ಯಾಕೆ ನನ್ನ ಕೇಳ್ತೀಯ? ನಾಳೆ ಹೋಗಿ ಹೇಳು. ಈಗ ಊಟ ಮಾಡು.”

ಊಟ ಸೇರಲಿಲ್ಲ. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ ತಮ್ಮನ್ನು ತಡೆದು ನಿಲ್ಲಿಸಿದ ಮುಖಗಳನ್ನು ಒಂದೊಂದಾಗಿ ನೆನೆದು, ಇವರಲ್ಲಿ ಎಷ್ಟು ಜನ ನನ್ನ ತಪ್ಪಿನಿಂದ ಪಾಸಾದರು, ನನ್ನ ಮಾತು ಕೇಳದೆ ಸರಿಯಾಗಿ ಬರೆದು ಎಷ್ಟು ಜನ ಫೇಲಾದರು ಎಂದು ಲೆಕ್ಕ ಹಾಕುವುದು ಎಂಥ ಕೆಲಸ! ಪಾಸಾದವರು ಬಂದು ಹೇಳುತ್ತಾರೆ. ಫೇಲಾದವರು ಯಾಕೆ ಬರುತ್ತಾರೆ?

ಮರುದಿನ ಬೆಳಿಗ್ಗೆ ಸಭಾಂಗಣ ತುಂಬುವ ಮೊದಲೇ ಮೇಡಂ ವೇದಿಕೆ ಹತ್ತಿದರು. ಮುಖ್ಯ ಪರೀಕ್ಷಕ ಎದ್ದು ನಿಂತು ಅವರಿಗೆ ತನ್ನ ಕುರ್ಚಿಯನ್ನೇ ಎಳೆದುಕೊಟ್ಟ. ಮೇಡಂ ಪೆನ್ಸಿಲ್ ಲೆಕ್ಕದ ಹೊದಿಕೆಯನ್ನು ಮೇಜಿನ ಮೇಲಿಟ್ಟರು. ಅವನು ನೋಡಿದ. ಬಹಳ ಹೊತ್ತು ನೋಡಬೇಕಾದ ಲೆಕ್ಕ ಅದಲ್ಲ, ಆದರೂ ಅವನು ಬಹಳ ಹೊತ್ತು ನೋಡಿದ.

“ಹೌದು ಮೇಡಂ. ಎರಡರಿಂದ ಭಾಗಿಸ್ಬೇಕು.”

“ನಿನ್ನ ಕೀ ತಪ್ಪು.”

“ತಪ್ಪು.” ಅವನು ಕೆಳಗಿನ ಬೆಂಚುಗಳ ಕಡೆ ಒಮ್ಮೆ ಕಣ್ಣು ಹಾಯಿಸಿದ. “ಒಂದು ಕೆಲಸ ಮಾಡೋಣ. ಪ್ರಶ್ನೆ ಸ್ಪಷ್ಟ ಇಲ್ಲ ಅಂತ ಹೇಳಿ ಎರಡು ಉತ್ತರಕ್ಕೂ ಪೂರ್ತಿ ಅಂಕ ಕೊಡ್ತೀನಿ. ಒಂದು ಸುತ್ತೋಲೆ ಸಾಕು. ಯಾರಿಗೂ ತೊಂದರೆ ಇಲ್ಲ. ನಿಮ್ಮ ಹೆಸರೂ ಬರಲ್ಲ, ನನ್ನ ಹೆಸರೂ ಬರಲ್ಲ.”

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈ ತೊಳೆದುಕೊಂಡು ಕೆಳಗಿಳಿಯುತ್ತಿದ್ದರು. ಮೇಡಂಗೆ ಮಾತ್ರ ಮೈಯುರಿಯಿತು. “ಪ್ರಶ್ನೆ ಸ್ಪಷ್ಟವಾಗೇ ಇದೆ. ಒಂದು ಮೋಲ್ ಇಂಧನಕ್ಕೆ ಅಂತ ಕೇಳಿದೆ. ಒಂದು ಮೋಲ್ ಕ್ರಿಯೆಗೆ ಅಂತ ಕೇಳಿಲ್ಲ. ತಪ್ಪು ಉತ್ತರ ತಪ್ಪೇ. ತಪ್ಪಿಗೂ ಸರಿಗೂ ಒಂದೇ ಅಂಕ ಹಾಕೋದಾದ್ರೆ ಈ ಕೆಂಪು ಪೆನ್ನು ಯಾಕೆ?”

“ಮೂರು ದಿನದ ಬಂಡಲ್‌ಗಳೆಲ್ಲ ಮತ್ತೆ ಬಿಚ್ಚಬೇಕಾಗುತ್ತೆ ಮೇಡಂ.”

“ಬಿಚ್ಚು.”

ಅವನು ಎದುರಾಡಲಿಲ್ಲ. ಎದುರಾಡುವ ಅಭ್ಯಾಸ ಅವನಿಗೆ ಇರಲಿಲ್ಲ. “ಮೊದಲು ನಿಮ್ಮ ಬಂಡಲ್ ಒಂದನ್ನ ಸರಿಯಾದ ಕೀ ಇಟ್ಟುಕೊಂಡು ತಿದ್ದಿ ನೋಡಿ. ಮಧ್ಯಾಹ್ನದ ಹೊತ್ತಿಗೆ ಏನು ಹೇಳ್ತೀರೋ ಹಾಗೇ ಮಾಡ್ತೀನಿ” ಎಂದ.

ಮೇಡಂ ಬೆಂಚಿಗೆ ಬಂದು ಬಂಡಲ್ ಬಿಚ್ಚಿದರು. ಮೊದಲು ಮೂವತ್ತೊಂಬತ್ತನೆಯ ಪತ್ರಿಕೆಯನ್ನು ತೆಗೆದು ಮೂರನ್ನು ಹೊಡೆದು ಐದು ಹಾಕಿದರು. ಮೂವತ್ತಾರು. ಪಾಸು. ಸಹಿ ಹಾಕಿದರು. ಅದೊಂದು ಕ್ಷಣ ಅವರಿಗೆ ಹಾಯೆನಿಸಿತು. ಪಕ್ಕದ ಮೇಷ್ಟ್ರು, “ಏನು ಮೇಡಂ, ತಿದ್ದಿದ್ದನ್ನೇ ತಿದ್ದುತಾ ಇದೀರ? ನಮಗೆ ಮೊದಲನೇ ಸಲ ತಿದ್ದೋಕೇ ಪ್ರಾಣ ಹೋಗ್ತಾ ಇದೆ” ಎಂದರು. ಮೇಡಂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಆಮೇಲೆ ಉಳಿದವು. ನಲವತ್ತರಲ್ಲಿ ಏಳು ಜನ ಆ ಪ್ರಶ್ನೆಯನ್ನು ಮುಟ್ಟಿರಲಿಲ್ಲ. ಸರಿಯಾಗಿ ಬರೆದವರು ಇಬ್ಬರು. ಮೂವತ್ತೊಂದು ಜನ ಮೂರು ಪಾಯಿಂಟ್ ಒಂದು ಆರು ಎಂದು ಬರೆದಿದ್ದರು. ಬರೆದದ್ದೂ ಹೇಗೆ, ಮೂರು ಸಾಲಿನಲ್ಲಿ. ಎಲ್ಲೋ ಯಾವುದೋ ಕಾಲೇಜಿನ, ಮುಖ ನೋಡದ ಮಕ್ಕಳು, ತಮ್ಮ ಮಾತನ್ನು ತಮಗೇ ಒಪ್ಪಿಸುತ್ತಿದ್ದರು. ‘ವ್ಯತ್ಯಾಸವನ್ನು ಗ್ರಾಂ ಎಂದು ಓದಿದಾಗ.’ ಆ ‘ಓದಿದಾಗ’ ಎಂಬ ಪದವನ್ನು ಮೂವತ್ತನೇ ವಯಸ್ಸಿನಲ್ಲಿ ಆರಿಸಿ ಆರಿಸಿ ಹಾಕಿದ್ದು ಅವರಿಗೆ ನೆನಪಿತ್ತು. ಐದನ್ನು ಹೊಡೆದು ಮೂರು ಹಾಕಿದರು. ಐದನ್ನು ಹೊಡೆದು ಮೂರು ಹಾಕಿದರು. ಅರವತ್ತೆಂಟು ಬಂದವರಿಗೆ ಅರವತ್ತಾರು, ಎಂಬತ್ತು ಬಂದವರಿಗೆ ಎಪ್ಪತ್ತೆಂಟು. ಅಷ್ಟೇನೂ ನಷ್ಟವಿಲ್ಲ ಎಂದುಕೊಂಡರು. ಮಂಡಿ ಹಿಡಿದುಕೊಂಡಿತು, ಕಾಲು ನೀಡಿ ಮತ್ತೆ ಕುಳಿತರು.

ಇಪ್ಪತ್ತೊಂಬತ್ತನೆಯ ಪತ್ರಿಕೆ ಬಂತು. ನಿನ್ನೆ ತಿದ್ದಿದಾಗ ಮೂವತ್ತೈದು ಬಂದಿತ್ತು, ಅಂಚಿನಲ್ಲಿ ಕಾಲಿಟ್ಟು ದಾಟಿದ ಪತ್ರಿಕೆ. ಅಕ್ಷರ ದುಂಡಗೆ, ಒತ್ತಿ ಒತ್ತಿ ಬರೆದದ್ದು. ಈ ಮಗುವಿಗೆ ವಿಷಯ ಅರ್ಥವಾಗಿರಲಿಲ್ಲ, ಎಲ್ಲವನ್ನೂ ಬಾಯಿಪಾಠ ಮಾಡಿತ್ತು. ಬಹಳ ಕಷ್ಟಪಟ್ಟು ಮಾಡಿತ್ತು. ಡ್ಯೂಟೀರಿಯಮ್ ಪ್ರಶ್ನೆಗೆ ಅದು ಸ್ಕೇಲ್ ಹಿಡಿದು ಒಂದು ಚೌಕಟ್ಟು ಎಳೆದು, ಒಳಗೆ ದಪ್ಪ ಅಕ್ಷರದಲ್ಲಿ ‘ಗಮನಿಸಿ’ ಎಂದು ಬರೆದು, ಕೊನೆಯ ಮುದ್ರಣದಲ್ಲಿ ಇದ್ದದ್ದನ್ನು ಚುಕ್ಕೆ ಅಲ್ಪವಿರಾಮ ಬಿಡದೆ ಇಳಿಸಿತ್ತು. ಇಡೀ ಪತ್ರಿಕೆಯಲ್ಲಿ ಪೂರ್ತಿ ಅಂಕ ಸಿಕ್ಕಿದ್ದು ಅದೊಂದೇ ಉತ್ತರಕ್ಕೆ.

ಮೇಡಂ ಐದನ್ನು ಹೊಡೆದರು. ಮೂರು ಎಂದು ಬರೆದರು. ಮುಖಪುಟಕ್ಕೆ ಬಂದು ಒಟ್ಟು ಬರೆಯಬೇಕಿತ್ತು, ಮೂವತ್ತಮೂರು. ಪೆನ್ನು ಕಾಗದದ ಮೇಲೆ ನಿಂತಿತು. ಶಾಯಿ ಒಂದು ಚುಕ್ಕೆಯಾಗಿ ಹರಡಿತು.

ನಿನ್ನೆಯ ಮಗುವನ್ನು ಸರಿ ಬರೆದದ್ದಕ್ಕೆ ಫೇಲ್ ಮಾಡಿದ್ದೆ, ಇವತ್ತಿನ ಮಗುವನ್ನು ನಾನು ಹೇಳಿದಂತೆ ಬರೆದದ್ದಕ್ಕೆ ಫೇಲ್ ಮಾಡುತ್ತಿದ್ದೇನೆ ಎಂದು ಅವರಿಗೆ ಅನಿಸಿತು. ಬೆಳಿಗ್ಗೆ ವೇದಿಕೆಯ ಮೇಲೆ ತಪ್ಪು ತಪ್ಪೇ ಎಂದು ಗುಡುಗಿದ್ದು ನೆನಪಾಗಿ ಅವರಿಗೆ ತಮ್ಮ ಮೇಲೆಯೇ ಸಿಟ್ಟು ಬಂತು. ತಪ್ಪು ತಪ್ಪೇ, ಸರಿ. ಆದರೆ ಯಾರದು? ತಾವು ಮಾಡಿದ್ದರ ದಂಡವನ್ನು ಮೂವತ್ತೊಂದು ಮಕ್ಕಳಿಗೆ ಹಂಚಿ, ಕೆಂಪು ಪೆನ್ನು ಚೀಲಕ್ಕೆ ಹಾಕಿಕೊಂಡು, ಸತ್ಯ ಹೇಳಿದೆ ಎಂದು ಮನೆಗೆ ಹೋಗುವ ಏರ್ಪಾಡು ಇದು. ಅವರಿಗೆ ಅಳು ಬಂತು. ಅರವತ್ತು ಜನರ ನಡುವೆ ಅಳುವಂತಿರಲಿಲ್ಲ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡರು.

ಆಮೇಲೆ ಒಂದು ಬಿಳಿ ಹಾಳೆ ತೆಗೆದು ಬರೆಯಲು ಕುಳಿತರು. ಮೂರು ಸಲ ಬರೆದು ಹರಿದರು. ನಾಲ್ಕನೆಯ ಸಲ ಬರೆದದ್ದು ಹೀಗಿತ್ತು:

‘ಈ ಪ್ರಶ್ನೆಯ ಕೀ ಉತ್ತರ ತಪ್ಪು. ಒಂದು ಕ್ರಿಯೆಗೆ ಎರಡು ಡ್ಯೂಟೀರಿಯಮ್ ಬೇಕಾದ್ದರಿಂದ ಒಂದು ಮೋಲ್ ಇಂಧನದ ಶಕ್ತಿ ಕೀಯಲ್ಲಿರುವುದರ ಅರ್ಧ. ಸರಿಯಾಗಿ ಬರೆದವರಿಗೆ ಪೂರ್ತಿ ಅಂಕ ಕೊಡಬೇಕು. ಕೀಯಂತೆ ಬರೆದವರಿಗೂ ಕೊಡಬೇಕು, ಯಾಕೆಂದರೆ ಅವರು ಕಲಿಸಿದಂತೆ ಬರೆದಿದ್ದಾರೆ. ಈ ತಪ್ಪು ನಾನು ಬರೆದ ಗೈಡಿನದು, ಇಪ್ಪತ್ತೆಂಟು ವರ್ಷದಿಂದ ಇದೆ. ಪ್ರಶ್ನೆಯಲ್ಲಿ ಯಾವ ಅಸ್ಪಷ್ಟತೆಯೂ ಇಲ್ಲ. ಮುಂದಿನ ವರ್ಷದಿಂದ ಸರಿ ಉತ್ತರಕ್ಕೆ ಮಾತ್ರ ಅಂಕ ಕೊಡತಕ್ಕದ್ದು. ಇದನ್ನು ಎಲ್ಲರ ಎದುರು ಓದಬೇಕೆಂದು ಕೇಳಿಕೊಳ್ಳುತ್ತೇನೆ.’

ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದರು. ಗೈಡಿನ ಮುಖಪುಟದ ಮೇಲೆ ಇರುವ ಹಾಗೆಯೇ, ಪದವಿಗಳ ಸಮೇತ. ನಂತರ ಅದುವರೆಗೆ ತಿದ್ದಿದ ಆ ಪತ್ರಿಕೆಗಳಲ್ಲೆಲ್ಲ ಮೂರನ್ನು ಹೊಡೆದು ಮತ್ತೆ ಐದು ಹಾಕಿದರು. ಪ್ರತಿ ತಿದ್ದುಪಡಿಗೂ ಒಂದು ಸಹಿ. ಇಪ್ಪತ್ತೊಂಬತ್ತನೆಯದರ ಮುಖಪುಟದಲ್ಲಿ ಶಾಯಿ ಚುಕ್ಕೆಯ ಪಕ್ಕ ಮೂವತ್ತೈದು ಹಾಗೇ ಉಳಿಯಿತು. ಬೆರಳು ಸೆಟೆದುಕೊಂಡಿತು.

ಊಟದ ಬಿಡುವಿನಲ್ಲಿ ಎಲ್ಲರೂ ಹೊರಗೆ ಹೋಗಿದ್ದರು. ವೇದಿಕೆಯ ಮೇಲೆ ಮುಖ್ಯ ಪರೀಕ್ಷಕ ಒಬ್ಬನೇ ಡಬ್ಬಿ ಬಿಚ್ಚಿಕೊಂಡು ಕುಳಿತಿದ್ದ. ಮೇಡಂ ಮೆಟ್ಟಿಲಿಗೊಮ್ಮೆ ನಿಂತು ಹತ್ತಿ ಹಾಳೆ ಕೊಟ್ಟರು. ಅವನು ಕೈ ಒರೆಸಿಕೊಂಡು ಓದಿದ.

“ನಿಮ್ಮ ಹೆಸರು ಬೇಡ ಮೇಡಂ. ಕೊನೇ ವರ್ಷ. ಅರವತ್ತು ಜನರ ಮುಂದೆ ಯಾಕೆ?”

“ಅವರಲ್ಲೆಷ್ಟು ಜನ ನಾಳೆ ಅದೇ ಗೈಡ್ ಹಿಡಿದು ಪಾಠ ಮಾಡ್ತಾರೆ, ಹೇಳು. ಹೆಸರಿಲ್ದೆ ಓದಿದ್ರೆ ಯಾರೋ ಪ್ರಶ್ನೆ ಪತ್ರಿಕೆಯವರ ತಪ್ಪು ಅಂದ್ಕೊಂಡು ಮರೀತಾರೆ. ಓದು.”

“ಓದ್ತೀನಿ.” ಅವನು ಹಾಳೆಯನ್ನು ಮಡಿಸಲಿಲ್ಲ, ಕೆಳಗಿಡಲೂ ಇಲ್ಲ. ಏನೋ ಹೇಳಲಿದ್ದಾನೆ ಎಂದು ಮೇಡಂಗೆ ಗೊತ್ತಾಯಿತು. ಅವನು ಹುಡುಗನಾಗಿದ್ದಾಗಲೂ ಹೀಗೇ, ಬಾಯಿ ಬಿಡಲು ಹೊತ್ತು ಹಿಡಿಯುತ್ತಿತ್ತು.

“ಈ ಲೆಕ್ಕ ನನಗೆ ಗೊತ್ತಿತ್ತು ಮೇಡಂ” ಎಂದ.

“ಯಾವಾಗಿಂದ?”

“ನಿಮ್ಮ ಕ್ಲಾಸಲ್ಲೇ. ಎದ್ದು ನಿಂತು ಕೇಳಿದ್ದೆ. ಇಲ್ಲಿ ಎರಡು ಡ್ಯೂಟೀರಿಯಮ್ ಖರ್ಚಾಗುತ್ತಲ್ಲ, ಒಂದು ಮೋಲಿಗೆ ಅರ್ಧ ಬರಬೇಕಲ್ವಾ ಅಂತ.”

ಮೇಡಂಗೆ ನೆನಪಿರಲಿಲ್ಲ. ಎಷ್ಟು ತಡಕಿದರೂ ಆ ತರಗತಿ, ಆ ದಿನ, ಎದ್ದು ನಿಂತ ಹುಡುಗ, ಏನೂ ಸಿಗಲಿಲ್ಲ. “ನಾನೇನಂದೆ?”

“ಪರೀಕ್ಷೆ ಹತ್ತಿರ ಬಂತು, ಕೊಂಕು ತೆಗೀಬೇಡ, ಗೈಡಲ್ಲಿ ಇರೋ ಹಾಗೆ ಬರಿ ಅಂದ್ರಿ. ಎಲ್ಲರೂ ನಕ್ಕರು.” ಅವನ ದನಿಯಲ್ಲಿ ದೂರು ಇರಲಿಲ್ಲ. ನಿನ್ನೆ ಬಸ್ಸು ತಡವಾಯಿತು ಎಂದು ಹೇಳಿದ ಹಾಗಿತ್ತು. “ಹಾಗೇ ಬರೆದೆ. ಪೂರ್ತಿ ಅಂಕ ಬಂತು. ಈ ವರ್ಷ ಕೀ ಮಾಡೋವಾಗಲೂ ಕೈ ತಾನಾಗೇ ಅದನ್ನೇ ಬರೀತು.”

“ಆಮೇಲೆ ಒಂದ್ಸಲ ಬಂದು ಕೇಳ್ಬಾರ್ದಿತ್ತೇನೋ? ಸ್ಟಾಫ್ ರೂಮಿಗೆ ಬಂದು?”

ಅವನು ಹಾಳೆಯನ್ನು ಕೀಯ ಪಕ್ಕದಲ್ಲಿಟ್ಟ.

“ಇಲ್ಲ ಮೇಡಂ” ಎಂದ. “ಅದಾದ್ಮೇಲೆ ನಾನು ಕ್ಲಾಸಲ್ಲಿ ಯಾವತ್ತೂ ಏನನ್ನೂ ಕೇಳಲಿಲ್ಲ.”

ಮೇಡಂ ಅವನ ಎದುರಿನ ಕುರ್ಚಿಯಲ್ಲಿ ಕುಳಿತರು. ಹೊರಗೆ ಕೈ ತೊಳೆಯುವ ನಲ್ಲಿಯ ಬಳಿ ಮೇಷ್ಟ್ರುಗಳು ಗಲಾಟೆ ಮಾಡುತ್ತಿದ್ದರು. ಅವನು ಡಬ್ಬಿಯ ಮುಚ್ಚಳದಲ್ಲಿ ಅರ್ಧ ಊಟ ಹಾಕಿ ಅವರ ಕಡೆ ಸರಿಸಿದ. “ಈಗ ಕೇಳು” ಎಂದು ಹೇಳಬೇಕೆಂದು ಅವರಿಗೆ ಅನಿಸಿತು, ಆದರೆ ತಲೆಗೂದಲು ನರೆತ ಮನುಷ್ಯನಿಗೆ ಹಾಗೆ ಹೇಳಲು ಅವರಿಗೆ ಬಾಯಿ ಬರಲಿಲ್ಲ.